ಗಜಕೇಸರಿ ಎಷ್ಟು ಅಪರೂಪ?

ಜಾತಕದಲ್ಲಿ ಚಂದ್ರನಿರುವ ರಾಶಿಯಿಂದ ಎಣಿಸಿದಾಗ ಗುರು 1, 4, 7 ಅಥವಾ 10ನೇ ರಾಶಿಯಲ್ಲಿದ್ದರೆ ಗಜಕೇಸರಿ ಯೋಗ. ಹನ್ನೆರಡರಲ್ಲಿ ನಾಲ್ಕು ಸ್ಥಾನಗಳೆಂದರೆ ಸುಮಾರು ಮೂರರಲ್ಲೊಂದು ಜಾತಕಕ್ಕೆ ಇದು ಸಿಗುತ್ತದೆ. ಗುರು ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ; ಚಂದ್ರ ಎರಡೂಕಾಲು ದಿನಕ್ಕೆ ರಾಶಿ ಬದಲಿಸುತ್ತಾನೆ. ಹಾಗಾಗಿ ತಿಂಗಳಲ್ಲಿ ಸುಮಾರು ಒಂಬತ್ತು ದಿನ ಹುಟ್ಟಿದ ಮಕ್ಕಳಿಗೆಲ್ಲ ಗಜಕೇಸರಿಯೇ. ಅವರೆಲ್ಲರೂ ಕೀರ್ತಿವಂತರಾಗುವುದಿಲ್ಲ.

ಶಾಸ್ತ್ರವೂ ಷರತ್ತು ಹಾಕುತ್ತದೆ. ಚಂದ್ರ ಮೇಷದಲ್ಲಿ, ಗುರು ಮಕರದಲ್ಲಿ ಇದ್ದರೆ ಲೆಕ್ಕಕ್ಕೆ ಯೋಗವುಂಟು; ಆದರೆ ಮಕರ ಗುರುವಿನ ನೀಚರಾಶಿ, ಫಲ ಕುಗ್ಗುತ್ತದೆ. ಗುರು ಸೂರ್ಯನ ಸಮೀಪ ಅಸ್ತನಾಗಿದ್ದರೂ ಅಷ್ಟೇ.

ಕೇಂದ್ರ, ತ್ರಿಕೋಣಗಳ ಅಧಿಪತಿಗಳು ಕೂಡಿದರೆ ಬರುವ ರಾಜಯೋಗವೂ ಬಹಳ ಜಾತಕಗಳಲ್ಲಿ ಕಾಣುತ್ತದೆ. ಆ ಗ್ರಹಗಳಿಗೆ ಬಲವಿರಬೇಕು, ದಶೆಯೂ ಬರಬೇಕು. ಯೋಗದ ಹೆಸರು ಕೇಳಿದೊಡನೆ ಹಿಗ್ಗದೆ, ಗ್ರಹಬಲ ಮತ್ತು ದಶಾಕಾಲವನ್ನು ಕೇಳಿ ತಿಳಿಯಿರಿ.