ಮೂರನೇ ಎರಡರಷ್ಟು ಮಾಡಿದರೂ ಹಿಡಿಸದ ಗೂಡುದೀಪ: ಸಮಾನುಪಾತದ ಒಂದು ಪಾಠ

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಮಂಗಳೂರಿನ ಹೊರವಲಯದ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ಅನುಪಾತ ಮತ್ತು ಸಮಾನುಪಾತದ ಪಾಠ ಮಾಡಬೇಕಿತ್ತು. ಡಿಸೆಂಬರ್ ತಿಂಗಳು. ಆ ಶಾಲೆಯಲ್ಲಿ ದೀಪಾವಳಿಗೆ ಕಟ್ಟುವ ಗೂಡುದೀಪವನ್ನೇ ಕ್ರಿಸ್‌ಮಸ್‌ಗೂ ತೂಗುಹಾಕುತ್ತಾರೆ. ಅದರ ಜೊತೆಗೆ ಗಾಳಿಮರದ ಒಂದು ದೊಡ್ಡ ಕೊಂಬೆಯನ್ನು ಕ್ರಿಸ್‌ಮಸ್ ಮರವಾಗಿ ನಿಲ್ಲಿಸುತ್ತಾರೆ, ಗೋಡೆಗೆ ಬಣ್ಣದ ಕಾಗದದ ಬಳೆಗಳ ಸರ ಕಟ್ಟುತ್ತಾರೆ. ಪ್ರತಿವರ್ಷ ಇದೆಲ್ಲ ಸಭಾಂಗಣದಲ್ಲಿ ನಡೆಯುತ್ತಿತ್ತು. ಈ ವರ್ಷ ಅಲ್ಲಿ ದುರಸ್ತಿ ನಡೆಯುತ್ತಿದ್ದುದರಿಂದ ಅಲಂಕಾರ ಓದುವ ಕೋಣೆಗೆ ಬಂತು. ಸಭಾಂಗಣದ ಎತ್ತರ 360 ಸೆಂ.ಮೀ., ಓದುವ ಕೋಣೆಯದು 240 ಸೆಂ.ಮೀ. ಒಳ್ಳೆಯ ಲೆಕ್ಕ ಸಿಕ್ಕಿತು ಎಂದು ನಾನು ಪಾಠ ಯೋಜನೆ ಬರೆದೆ.

ಮೊದಲ ಪಾಠ

ಎತ್ತರಗಳ ಅನುಪಾತ 240 : 360, ಅಂದರೆ 2 : 3. ಹಿಂದಿನ ವರ್ಷದ ಅಳತೆಗಳು ಶಾಲೆಯ ಒಂದು ನೋಟ್‌ಬುಕ್ಕಿನಲ್ಲಿದ್ದವು. ಅವನ್ನು ಕಪ್ಪುಹಲಗೆಯ ಮೇಲೆ ಬರೆದು, ಎಲ್ಲವನ್ನೂ ಮೂರನೇ ಎರಡರಿಂದ ಗುಣಿಸಲು ಹೇಳಿದೆ. ಗೂಡುದೀಪದ ಹಗ್ಗ 15, ಒಡಲು 75, ಬಾಲ 60, ಒಟ್ಟು 150 ಸೆಂ.ಮೀ. ಇದ್ದದ್ದು 10, 50, 40 ಆಗಿ 100 ಸೆಂ.ಮೀ.ಗೆ ಇಳಿಯಿತು. 285 ಸೆಂ.ಮೀ. ಮರ 190 ಆಯಿತು, ಅದರ ತುದಿಯ ನಕ್ಷತ್ರ 30 ಇದ್ದದ್ದು 20 ಆಯಿತು. 540 ಸೆಂ.ಮೀ. ಅಂತರಕ್ಕೆ ಕಟ್ಟಿದ್ದ 585 ಸೆಂ.ಮೀ. ಸರ, 360 ಸೆಂ.ಮೀ. ಗೋಡೆಗೆ 390 ಆಯಿತು. ಒಬ್ಬರೂ ಲೆಕ್ಕ ತಪ್ಪಿಸಲಿಲ್ಲ. ಗುಂಪುಗಳು ಕೂಡಲೇ ತಯಾರಿಗೆ ಇಳಿದವು.

ಎರಡು ದಿನಗಳ ನಂತರ ನನ್ನ ಮಾರ್ಗದರ್ಶಕ ಅಧ್ಯಾಪಕರು ಪಾಠ ವೀಕ್ಷಣೆಗೆ ಬಂದರು. ಬಾಗಿಲಲ್ಲೇ ಸರ ಅವರ ಹಣೆಗೆ ತಾಗಿತು, ತಲೆ ಬಗ್ಗಿಸಿ ಒಳಗೆ ಬಂದರು. ನಡೆಯುವ ದಾರಿಯಲ್ಲಿದ್ದ ಗೂಡುದೀಪದ ಬಾಲ ಅವರ ಎದೆಯವರೆಗೆ ಇಳಿದಿತ್ತು. ಮರದ ನಕ್ಷತ್ರ ಚಾವಣಿಗೆ ಒತ್ತಿಕೊಂಡು ಒಂದು ಕಡೆಗೆ ವಾಲಿತ್ತು. ಅವರು ವೀಕ್ಷಣಾ ಹಾಳೆಯಲ್ಲಿ ಏನೂ ಬರೆಯದೆ ಮಕ್ಕಳನ್ನು ಕೇಳಿದ್ದು ಇಷ್ಟೇ: "ಲೆಕ್ಕ ಸರಿ ಇದೆಯಲ್ಲ, ಮತ್ತೆ ಯಾಕೆ ತಾಗುತ್ತದೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: "ಟೀಚರ್, ಕೋಣೆ ಸಣ್ಣದಾಯಿತು, ನಾವು ಸಣ್ಣ ಆಗಲಿಲ್ಲ."

ಕುಗ್ಗದೆ ಉಳಿಯುವುದು ಯಾವುದು?

ಎರಡನೇ ಪಾಠವನ್ನು ಆ ಮಾತಿನಿಂದಲೇ ಶುರು ಮಾಡಿದೆ. ಸಭಾಂಗಣದಲ್ಲಿ ಗೂಡುದೀಪದ ಕೆಳಗೆ 210 ಸೆಂ.ಮೀ. ಜಾಗ ಇತ್ತು. ಎಲ್ಲವನ್ನೂ ಮೂರನೇ ಎರಡರಷ್ಟು ಮಾಡಿದಾಗ ಆ ಖಾಲಿ ಜಾಗವೂ ಮೂರನೇ ಎರಡರಷ್ಟಾಗಿ 140 ಸೆಂ.ಮೀ. ಆಗಿತ್ತು. ಅಲಂಕಾರ ಸಮಾನುಪಾತದಲ್ಲೇ ಇತ್ತು, ಆದರೆ ಅದರ ಕೆಳಗೆ ನಡೆಯುವವರು ಇರಲಿಲ್ಲ.

ಹಾಗಾಗಿ ಕೋಣೆಯ ಎತ್ತರವನ್ನು ಬಿಟ್ಟು ಮೊದಲು ಬದಲಾಗದ ಅಳತೆಯನ್ನು ಬರೆದೆವು. ನಡೆಯುವ ದಾರಿಯ ಮೇಲೆ ಕನಿಷ್ಠ 200 ಸೆಂ.ಮೀ. ಖಾಲಿ ಇರಬೇಕೆಂದು ತರಗತಿ ಒಪ್ಪಿಕೊಂಡಿತು. ಶಾಲೆಯಲ್ಲಿ ಎಲ್ಲರಿಗಿಂತ ಎತ್ತರದ ಶಿಕ್ಷಕರು 175 ಸೆಂ.ಮೀ., ಬಾಗಿಲ ಚೌಕಟ್ಟು 200 ಸೆಂ.ಮೀ. 240ರಲ್ಲಿ 200 ಕಳೆದರೆ ಉಳಿಯುವುದು 40 ಸೆಂ.ಮೀ. ಗೂಡುದೀಪಕ್ಕೆ ಸೇರಿದ್ದು ಅಷ್ಟೇ. ಹಗ್ಗ, ಒಡಲು, ಬಾಲಗಳ ಅನುಪಾತ 1 : 5 : 4. ನಲವತ್ತನ್ನು ಹತ್ತು ಭಾಗ ಮಾಡಿದರೆ ಹಗ್ಗ 4, ಒಡಲು 20, ಬಾಲ 16.

ಇಲ್ಲಿ ಒಂದು ಗುಂಪು ತಕರಾರು ತೆಗೆಯಿತು. 20 ಸೆಂ.ಮೀ. ಒಡಲಿನೊಳಗೆ ಬಲ್ಬ್ ಹಿಡಿಸಬೇಕು. ಬಲ್ಬ್ ಕೂಡ ಕುಗ್ಗುವುದಿಲ್ಲ. ಸುಮಾರು 6 ಸೆಂ.ಮೀ. ಅಗಲದ ಬಲ್ಬಿನ ಎರಡೂ ಕಡೆ 7 ಸೆಂ.ಮೀ. ಮಾತ್ರ ಉಳಿಯುತ್ತದೆ, ಹಳೆಯ ತಂತಿಯ ಬಲ್ಬಾದರೆ ಅದರ ಬಿಸಿಗೆ ಗ್ಲಾಸ್ ಪೇಪರ್ ಸುಕ್ಕುಗಟ್ಟುತ್ತದೆ, ಬೆಂಕಿಯ ಭಯವೂ ಇದೆ. ಅವರು ಅನುಪಾತವನ್ನು ಬೇಕೆಂದೇ ಮುರಿದರು: ಹಗ್ಗ 4, ಒಡಲು 26, ಬಾಲ 10. ಒಳಗೆ ಎಲ್‌ಇಡಿ ಬಲ್ಬ್ ಇಟ್ಟರು. ಅನುಪಾತವನ್ನು ಯಾವಾಗ ಕಾಪಾಡಬೇಕು, ಯಾವಾಗ ಕಾರಣಕೊಟ್ಟು ಬಿಡಬೇಕು ಎಂಬುದು ನನ್ನ ಪಾಠ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

ಕಾಗದದ ಲೆಕ್ಕವೂ ಅಲ್ಲೇ ಬಂತು. 50 ಸೆಂ.ಮೀ. ಒಡಲಿಗೆ ಎಂಟು ಹಾಳೆ ಹಿಡಿದಿತ್ತು. 26 ಅಂದರೆ ಸುಮಾರು ಅರ್ಧ, ಆದ್ದರಿಂದ ನಾಲ್ಕು ಹಾಳೆ ಸಾಕು ಎಂದು ಕೇಳಿದರು. ಎರಡು ಹಾಳೆ ಮುಗಿದು ಮೂರನೆಯದರಿಂದ ಒಂದು ತುಂಡು ಮಾತ್ರ ಬೇಕಾಯಿತು. ಉದ್ದ ಅರ್ಧವಾದರೆ ಮೈಯ ವಿಸ್ತೀರ್ಣ ಕಾಲು ಭಾಗ ಆಗುತ್ತದೆ ಎಂಬುದನ್ನು ಉಳಿದ ಹಾಳೆಗಳೇ ಕಲಿಸಿದವು.

ಮೊದಲು ಮಾಡಿದ್ದ ದೊಡ್ಡ ಗೂಡುದೀಪವನ್ನು ಎಸೆಯಬೇಕಾಗಲಿಲ್ಲ. ಮೂಲೆಯಲ್ಲಿ ಪತ್ರಿಕೆಗಳ ಮೇಜು ಇದೆ, ಅದರ ಮೇಲೆ ಯಾರೂ ನಡೆಯುವುದಿಲ್ಲ. ಅಲ್ಲಿ 150 ಸೆಂ.ಮೀ. ಬಿಟ್ಟರೆ ಸಾಕು, 90 ಸೆಂ.ಮೀ. ಸಿಗುತ್ತದೆ. ಬಾಲವನ್ನು 10 ಸೆಂ.ಮೀ. ಕತ್ತರಿಸಿದರೆ ಅದು ಅಲ್ಲಿ ಕೂತಿತು. ಒಂದೇ ಚಾವಣಿಯ ಕೆಳಗೆ ಎರಡು ಉತ್ತರ ಬಂದದ್ದು ಮಕ್ಕಳಿಗೆ ವಿಚಿತ್ರವಾಗಿ ಕಂಡಿತು.

ಮರವನ್ನು ಎಲ್ಲಿ ಕತ್ತರಿಸಬೇಕು?

ಮರ ಚಾವಣಿಗೆ ತಾಗಿದ ಕಾರಣ ಬೇಗ ಸಿಕ್ಕಿತು. ಮರಳು ತುಂಬಿದ ಬಕೆಟ್ 30 ಸೆಂ.ಮೀ. ಸಭಾಂಗಣದಲ್ಲಿದ್ದ ಅದೇ ಬಕೆಟ್ಟನ್ನೇ ಇಲ್ಲಿಯೂ ಇಟ್ಟಿದ್ದೆವು. 30, 190, 20 ಕೂಡಿಸಿದರೆ ಸರಿಯಾಗಿ 240.

"ತುದಿ ಸ್ವಲ್ಪ ಕತ್ತರಿಸೋಣ" ಎಂದರು ಹೆಚ್ಚಿನವರು. ತಾಗುವುದು ತುದಿಯಾದ್ದರಿಂದ ಹಾಗೆ ಅನಿಸುವುದು ಸಹಜ. ನಾನು ಕಾಗದದಲ್ಲಿ ಒಂದು ಉದ್ದನೆಯ ತ್ರಿಕೋನ ಕತ್ತರಿಸಿ ತಂದಿದ್ದೆ. ಮೇಲಿನ ತುಂಡು ತೆಗೆದರೆ ಉಳಿಯುವುದು ಮೊಂಡು ಆಕಾರ, ಬುಡದ ಅಗಲ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೆಳಗಿನ ತುಂಡು ತೆಗೆದರೆ ಉಳಿಯುವುದು ಅದೇ ಆಕಾರದ ಸಣ್ಣ ತ್ರಿಕೋನ. ಎರಡನ್ನೂ ಹಲಗೆಗೆ ಅಂಟಿಸಿ ಅಗಲ ಅಳೆಯಲು ಹೇಳಿದೆ. ಬುಡದಿಂದ ಕತ್ತರಿಸಿದರೆ ಎತ್ತರ ಮತ್ತು ಅಗಲ ಒಂದೇ ಅನುಪಾತದಲ್ಲಿ ಇಳಿಯುತ್ತವೆ ಎಂದು ಅವರೇ ಹೇಳಿದರು.

ಎಷ್ಟು ಕತ್ತರಿಸಬೇಕೆಂದು ಹೇಳಿದ್ದು ಚಾವಣಿ ಅಲ್ಲ, ನೆಲ. ನಮ್ಮ ಕೊಂಬೆ 190 ಎತ್ತರಕ್ಕೆ 95 ಸೆಂ.ಮೀ. ಹರಡಿತ್ತು, ಅಂದರೆ 2 : 1. ಕಪಾಟು ಮತ್ತು ಮೇಜಿನ ನಡುವೆ ದಾರಿ ಬಿಟ್ಟರೆ ಮರಕ್ಕೆ 70 ಸೆಂ.ಮೀ. ಅಗಲ ಮಾತ್ರ ಸಿಗುತ್ತಿತ್ತು. 70ಕ್ಕೆ ಎತ್ತರ 140. ನಾವು 135 ಎಂದು ಇಟ್ಟುಕೊಂಡು ಬುಡದಿಂದ 55 ಸೆಂ.ಮೀ. ತೆಗೆದೆವು. ಬಕೆಟ್ 30, ಮರ 135, ನಕ್ಷತ್ರ 15, ಒಟ್ಟು 180 ಸೆಂ.ಮೀ. ಮೇಲೆ 60 ಸೆಂ.ಮೀ. ಖಾಲಿ ಉಳಿಯಿತು. ಎತ್ತರ ಮೂರನೇ ಒಂದರಷ್ಟೂ ಕಡಿಮೆಯಾಗಲಿಲ್ಲ, ಆದರೆ ಮರ ಹಿಡಿದ ನೆಲ ಸುಮಾರು ಅರ್ಧಕ್ಕೆ ಇಳಿಯಿತು. ಗಾಳಿಮರದ ಕೊಂಬೆ ಪೂರ್ತಿ ಶಂಕುವಿನಾಕಾರದಲ್ಲಿ ಇರುವುದಿಲ್ಲ. ಲೆಕ್ಕದಂತೆ 67.5 ಬರಬೇಕಿದ್ದ ಅಗಲ 72 ಬಂತು, ಎರಡು ರೆಂಬೆಗಳನ್ನು ದಾರದಿಂದ ಒಳಕ್ಕೆ ಕಟ್ಟಿದೆವು.

ಸರದ ಜೋಲು

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸರ. 360 ಸೆಂ.ಮೀ. ಅಂತರಕ್ಕೆ 390 ಸೆಂ.ಮೀ. ಸರ. ಮೊಳೆಗಳು 230 ಸೆಂ.ಮೀ. ಎತ್ತರದಲ್ಲಿ. ನಡುವೆ ಎಷ್ಟು ಜೋಲುತ್ತದೆ ಎಂದು ಕೇಳಿದಾಗ ಇಡೀ ತರಗತಿ 30 ಸೆಂ.ಮೀ. ಎಂದಿತು. ಹೆಚ್ಚಿನ ಉದ್ದ 30, ಆದ್ದರಿಂದ ಜೋಲು 30. ನಿಜ ಹೇಳಬೇಕೆಂದರೆ ಮೊದಲ ಪಾಠದ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಳೆದಾಗ 62 ಸೆಂ.ಮೀ. ಬಂತು. ಆ ರಾತ್ರಿ ಲೆಕ್ಕ ಮಾಡಿ ನೋಡಿದೆ. ಸರದ ನಡುವನ್ನು ಹಿಡಿದು ಕೆಳಗೆ ಎಳೆದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ವಿಕರ್ಣ 195, ಒಂದು ಬಾಹು 180, ಇನ್ನೊಂದು ಬಾಹು 75. ತಾನಾಗಿ ತೂಗುವ ಸರ ಚೂಪಾಗಿ ಅಲ್ಲ, ಬಾಗಿ ನಿಲ್ಲುತ್ತದೆ, ಹಾಗಾಗಿ ಜೋಲು ಇನ್ನೂ ಕಡಿಮೆ. ಕಡಿಮೆ ಬಾಗುವ ಸರಕ್ಕೆ ಒಂದು ಸುಲಭ ಸೂತ್ರವಿದೆ: ಜೋಲಿನ ವರ್ಗವನ್ನು 8ರಿಂದ ಗುಣಿಸಿ, ಅಂತರದ ಮೂರು ಪಟ್ಟಿನಿಂದ ಭಾಗಿಸಿದರೆ ಬೇಕಾದ ಹೆಚ್ಚಿನ ಉದ್ದ ಸುಮಾರಾಗಿ ಸಿಗುತ್ತದೆ. ಅದರ ಪ್ರಕಾರ ನಮ್ಮ ಸರ 64 ಸೆಂ.ಮೀ. ಜೋಲಬೇಕು. ಅದೇ ಸೂತ್ರ ಹೇಳುವಂತೆ 30 ಸೆಂ.ಮೀ. ಜೋಲಿಗೆ ಬೇಕಾದ ಹೆಚ್ಚಿನ ಉದ್ದ 7 ಸೆಂ.ಮೀ.ಗಿಂತ ಕಡಿಮೆ! 230ರಲ್ಲಿ 64 ಕಳೆದರೆ 166. ನಮ್ಮ ಅಧ್ಯಾಪಕರ ಹಣೆ ಅಲ್ಲೇ ಇದ್ದದ್ದು.

ಸೂತ್ರವನ್ನು ಮಕ್ಕಳಿಗೆ ಕೊಡಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೊಟ್ಟೆ: ಸರವನ್ನು ಕತ್ತರಿಸದೆ ಮೇಲೆತ್ತುವುದು ಹೇಗೆ? ಸ್ವಲ್ಪ ಹೊತ್ತಿನ ಬಳಿಕ ಒಬ್ಬ ಹುಡುಗ ಗೋಡೆಗೆ ನಡುವೆ ಇನ್ನೆರಡು ಮೊಳೆ ಹೊಡೆಯಬೇಕೆಂದ. 120 ಸೆಂ.ಮೀ.ಗೆ ಒಂದು ಮೊಳೆ, ಪ್ರತಿ ಭಾಗಕ್ಕೆ 130 ಸೆಂ.ಮೀ. ಸರ. 390 : 360 ಮತ್ತು 130 : 120 ಒಂದೇ ಅನುಪಾತ. ಹಾಗಾಗಿ ಮೂರೂ ಬಾಗುಗಳು ದೊಡ್ಡ ಬಾಗಿನ ಸಮರೂಪದ ಸಣ್ಣ ಪ್ರತಿಗಳು, ಜೋಲೂ ಮೂರನೇ ಒಂದು ಭಾಗ. ಅಳೆದರೆ 21 ಸೆಂ.ಮೀ. ಇತ್ತು. ಸರದ ತಳ 209ಕ್ಕೆ ಏರಿ ಬಾಗಿಲ ಚೌಕಟ್ಟಿನ ಮೇಲೆ ನಿಂತಿತು. ಮೊದಲ ದಿನ ಹೇಳಿಕೊಟ್ಟ ಸಮಾನುಪಾತವೇ ಇಲ್ಲಿ ಕೆಲಸಕ್ಕೆ ಬಂತು. ಈ ಬಾರಿ ಅದನ್ನು ಎಲ್ಲಿ ಹಚ್ಚಬೇಕೆಂದು ಗೊತ್ತಿತ್ತು.

ಮೂಲೆಯಿಂದ ಮೂಲೆಗೆ ಸರ ಎಳೆಯಲು ಮಾತ್ರ ಬಿಡಲಿಲ್ಲ. ನಡುವೆ ಫ್ಯಾನ್ ಇದೆ. ತಗ್ಗಿನ ಚಾವಣಿಯ ಕೋಣೆಯಲ್ಲಿ ಸರ ಜೋಲುವ ಎತ್ತರ, ರೆಕ್ಕೆ ತಿರುಗುವ ಎತ್ತರ ಎರಡೂ ಒಂದೇ ಆಗುತ್ತವೆ.

ಇದೇ ಘಟಕ ತೆಗೆದುಕೊಳ್ಳುವ ಸಹಪಾಠಿಗಳಿಗೆ

ನನ್ನ ಮೊದಲ ಪಾಠ ಯೋಜನೆಯಲ್ಲಿ ಹನ್ನೊಂದು ಗುಣಾಕಾರಗಳಿದ್ದವು, ಒಂದು ಪ್ರಶ್ನೆಯೂ ಇರಲಿಲ್ಲ. ತಿದ್ದಿದ ಯೋಜನೆಯಲ್ಲಿ ಲೆಕ್ಕಕ್ಕೆ ಮೊದಲು ಎರಡು ಪಟ್ಟಿ ಮಾಡಿಸುತ್ತೇನೆ: ಕೋಣೆಯೊಂದಿಗೆ ಕುಗ್ಗುವ ವಸ್ತುಗಳು, ಕುಗ್ಗದ ವಸ್ತುಗಳು. ಮನುಷ್ಯರು, ಬಲ್ಬ್, ಬಕೆಟ್, ಬಾಗಿಲು ಎರಡನೇ ಪಟ್ಟಿಗೆ ಹೋಗುತ್ತವೆ. ಕುಗ್ಗದವುಗಳನ್ನು ಕಳೆದ ಮೇಲೆ ಉಳಿದ ಜಾಗಕ್ಕೆ ಮಾತ್ರ ಅನುಪಾತ ಹಚ್ಚಿಸುತ್ತೇನೆ. ಎರಡು ಅವಧಿ ಬೇಕು, ಒಂದರಲ್ಲಿ ಮುಗಿಯುವುದಿಲ್ಲ. ಅಳತೆ ಟೇಪು ಗುಂಪಿಗೊಂದು ಇರಲಿ. ನಮ್ಮಲ್ಲಿ ಎರಡೇ ಇದ್ದು ಹತ್ತು ನಿಮಿಷ ಕಾಯುವುದರಲ್ಲೇ ಹೋಯಿತು.

ಮಾರ್ಗದರ್ಶಕರು ಕ್ರಿಸ್‌ಮಸ್ ರಜೆಗೆ ಮೊದಲು ಇನ್ನೊಮ್ಮೆ ಬಂದರು. ಬಾಗಿಲಲ್ಲಿ ಅಭ್ಯಾಸಬಲದಿಂದ ತಲೆ ಬಗ್ಗಿಸಿದರು. "ಸರ್, ಈಗ ಬಗ್ಗಬೇಕಾಗಿಲ್ಲ, ಒಂಬತ್ತು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟಿದ್ದೇವೆ" ಎಂದ ಮೊಳೆ ಹೊಡೆಸಿದ ಹುಡುಗ.