ಅಣ್ಣನ ಒಂದು ಗಂಟೆಯ ಬೆಲೆ ಎಷ್ಟು?

ನನ್ನ ಅಣ್ಣ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಸಂಬಳ 24,000 ರೂಪಾಯಿ. ಈಚೆಗೆ ಮನೆಯ ಹತ್ತಿರವೇ 19,000 ರೂಪಾಯಿಯ ಕೆಲಸವೊಂದು ಸಿಗುವಂತಾಯಿತು. "ತಿಂಗಳಿಗೆ ಐದು ಸಾವಿರ ಯಾಕೆ ಕಳೆದುಕೊಳ್ಳುತ್ತೀ?" ಎಂದರು ಅಬ್ಬ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಪೆನ್ನು, ಹಾಳೆ ಹಿಡಿದು ಕುಳಿತೆ.

ಗಂಟೆಯ ಸಂಬಳ ತಿಳಿಯಲು ತಿಂಗಳ ಸಂಬಳವನ್ನು ಗಂಟೆಗಳಿಂದ ಭಾಗಿಸಬೇಕು. ಆದರೆ ಯಾವ ಗಂಟೆಗಳಿಂದ? ನೇಮಕಾತಿ ಪತ್ರದ ಪ್ರಕಾರ ಅಣ್ಣನಿಗೆ ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಕೆಲಸ. ಒಟ್ಟು 208 ಗಂಟೆ. ಗಂಟೆಗೆ ಸುಮಾರು 115 ರೂಪಾಯಿ.

ನಿಜ ಬೇರೆಯೇ ಇತ್ತು. ಒಂದು ತಿಂಗಳು ಅವನು ಹೋಗಿ ಬರುವ ಸಮಯವನ್ನು ಬರೆದಿಟ್ಟೆ. ಊಟದ ವಿರಾಮ ಕಳೆದರೂ ದಿನಕ್ಕೆ 10 ಗಂಟೆ ಕೆಲಸ, ಅಂದರೆ 260 ಗಂಟೆ. ಎರಡು ಭಾನುವಾರ ತಲಾ 6 ಗಂಟೆ ಸೇರಿ 272. ಗಂಟೆಯ ಸಂಬಳ 88 ರೂಪಾಯಿಗೆ ಇಳಿಯಿತು. ಹೋಗಿಬರಲು ದಿನಕ್ಕೆ 2 ಗಂಟೆಯಂತೆ 28 ದಿನಕ್ಕೆ 56 ಗಂಟೆ, ಬಸ್ಸು-ಆಟೊ ಖರ್ಚು 2,000 ರೂಪಾಯಿ. ಈಗ ಕೈಗೆ ಉಳಿಯುವ 22,000 ರೂಪಾಯಿಯನ್ನು 328 ಗಂಟೆಗೆ ಹಂಚಿದರೆ ಗಂಟೆಗೆ 67 ರೂಪಾಯಿ!

ಹೊಸ ಕೆಲಸಕ್ಕೆ ನಡೆದೇ ಹೋಗಬಹುದು. ಅಲ್ಲಿ ನಿಜವಾಗಿಯೂ 208 ಗಂಟೆಯಷ್ಟೇ ಕೆಲಸವಾದರೆ ಗಂಟೆಗೆ 91 ರೂಪಾಯಿ. ಎರಡರ ನಡುವಿನ ನಿಜವಾದ ವ್ಯತ್ಯಾಸ ಐದಲ್ಲ, ಮೂರು ಸಾವಿರ. ಆ ಮೂರು ಸಾವಿರಕ್ಕಾಗಿ ಅಣ್ಣ ಕೊಡುತ್ತಿರುವುದು 120 ಗಂಟೆ. ಅಂದರೆ ಆ ಹೆಚ್ಚಿನ ಒಂದೊಂದು ಗಂಟೆಗೂ ಅವನಿಗೆ ಸಿಗುತ್ತಿರುವುದು 25 ರೂಪಾಯಿ.

ಈ ಲೆಕ್ಕದಲ್ಲಿ ತಪ್ಪುವುದು ಸುಲಭ. ಕೆಲಸ ಹೆಚ್ಚಿದ್ದ ಒಂದೇ ವಾರವನ್ನು ಹಿಡಿದು ಲೆಕ್ಕ ಹಾಕಬಾರದು. ಭವಿಷ್ಯ ನಿಧಿಗೆ ಕಡಿತವಾಗುವ ಹಣವೂ ನೌಕರನದೇ. ಅದನ್ನು ಸಂಬಳದಲ್ಲಿ ಸೇರಿಸಿಯೇ ಎರಡು ಕೆಲಸಗಳನ್ನು ಹೋಲಿಸಬೇಕು. ನಾನು ಹಾಗೆಯೇ ಮಾಡಿದ್ದೇನೆ.

ಕಾನೂನಿನ ಮಾತೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರದ ವೇತನ ಸಲ್ಲಬೇಕು. ಆಡಳಿತದ ಹೊಣೆ ಹೊತ್ತ ಹುದ್ದೆಯವರಿಗೆ ಇದು ಅನ್ವಯಿಸದು. ಅಣ್ಣ ಅಂಥ ಹುದ್ದೆಯಲ್ಲಿಲ್ಲ. ಅವನ 64 ಹೆಚ್ಚುವರಿ ಗಂಟೆಗಳಿಗೆ 230 ರೂಪಾಯಿಯಂತೆ 14,720 ರೂಪಾಯಿ ಬರಬೇಕಿತ್ತು. ಬಂದದ್ದು ಸೊನ್ನೆ.

ಹಾಳೆಯನ್ನು ಅಬ್ಬನ ಮುಂದಿಟ್ಟೆ. ಅವರು ಓದಿ, "ಸಾಲದ ಕಂತು ಕಟ್ಟಲು ಗಂಟೆಯ ದರ ಸಾಕಾಗುವುದಿಲ್ಲ, ತಿಂಗಳ ಹಣ ಬೇಕು" ಎಂದರು. ಅದೂ ಸರಿಯೇ. ಕಂತು ಇನ್ನು ನಾಲ್ಕು ತಿಂಗಳಿದೆ. ಅರ್ಧಕ್ಕೆ ನಿಂತ ಅಣ್ಣನ ಬಿ.ಕಾಂ. ಪರೀಕ್ಷೆಗೂ ತಿಂಗಳಿಗೆ ಆ 120 ಗಂಟೆ ಬೇಕು. ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದಾನೆ.