‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಓದುವ ಬಗೆ: ವಿದ್ಯಾರ್ಥಿವೇತನದ ಅರ್ಜಿದಾರರಿಗೆ ಒಂದು ಪಾಠ



ನಮ್ಮ ಅರ್ಜಿ ನಮೂನೆಯಲ್ಲಿ ‘ಈ ಕೋರ್ಸನ್ನು ಏಕೆ ಆರಿಸಿಕೊಂಡಿದ್ದೀರಿ?’ ಎಂಬ ಪ್ರಶ್ನೆ ಇದೆ. ಹತ್ತರಲ್ಲಿ ಎಂಟು ಅರ್ಜಿಗಳಲ್ಲಿ ‘ಈ ಕ್ಷೇತ್ರಕ್ಕೆ ಮುಂದೆ ಬಹಳ ಬೇಡಿಕೆ ಇದೆ’ ಎಂಬ ಒಂದೇ ಉತ್ತರ ಬರುತ್ತದೆ. ಯಾರು ಹೇಳಿದರು ಎಂದು ಸಂದರ್ಶನದಲ್ಲಿ ಕೇಳಿದರೆ, ಕೋರ್ಸ್ ನಡೆಸುವವರೇ ಹೇಳಿದ್ದು ಎಂದು ತಿಳಿಯುತ್ತದೆ. ಝಕಾತ್ ಮತ್ತು ಸದಕದ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದಕ್ಕಿಂತ ಹೆಚ್ಚಾಗಿ, ತಪ್ಪು ಕೋರ್ಸಿನಲ್ಲಿ ಹೋದ ವರ್ಷವನ್ನು ಯಾವ ಟ್ರಸ್ಟೂ ಹಿಂದಿರುಗಿಸಲಾರದು. ಆದ್ದರಿಂದ ಬೇಡಿಕೆಯನ್ನು ಸ್ವತಃ ನೋಡಿ ತಿಳಿಯುವ ಕ್ರಮವನ್ನು, ಕಳೆದ ಸಾಲಿನ ಒಬ್ಬ ಅರ್ಜಿದಾರನ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇವೆ.

ಆ ಹುಡುಗ ತುಮಕೂರಿನವನು. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಎರಡು ವರ್ಷದಿಂದ ಮನೆ ವೈರಿಂಗ್ ಗುತ್ತಿಗೆದಾರರೊಬ್ಬರ ಬಳಿ ದಿನಗೂಲಿಗೆ ದುಡಿಯುತ್ತಿದ್ದ. ವಿದ್ಯುತ್ ವಾಹನ ರಿಪೇರಿಯ ಮೂರು ತಿಂಗಳ ಕೋರ್ಸಿಗೆ 45,000 ರೂಪಾಯಿ ಕೇಳಿ ಅರ್ಜಿ ಹಾಕಿದ್ದ. ನಾವು ‘ಇಲ್ಲ’ ಎನ್ನಲಿಲ್ಲ. ‘ಆರು ವಾರ ಬಿಟ್ಟು ಬಾ, ಬರುವಾಗ ಒಂದು ನೋಟ್‌ಬುಕ್ ತುಂಬಿಸಿಕೊಂಡು ಬಾ’ ಎಂದೆವು. ‘ಏನು ಬರೆಯಲಿ ಸರ್?’ ಎಂದ. ಭಾನುವಾರದ ಪತ್ರಿಕೆಗಳ ‘ಬೇಕಾಗಿದ್ದಾರೆ’ ಕಾಲಂ, ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ, ಕೈಗಾರಿಕಾ ಪ್ರದೇಶದ ಗೇಟುಗಳಲ್ಲಿ ಅಂಟಿಸಿದ ಚೀಟಿಗಳು, ಇವುಗಳಲ್ಲಿ ಎಲೆಕ್ಟ್ರಿಷಿಯನ್ ಓದಿದವನಿಗೆ ತಾಗುವ ಪ್ರತಿಯೊಂದನ್ನೂ ಬರೆದುಕೊಳ್ಳಲು ಹೇಳಿದೆವು. ದಿನಾಂಕ, ಕರೆದವರು, ಕೆಲಸ, ಊರು, ಸಂಬಳ, ಬೇಕಾದ ಅನುಭವ, ಕೇಳಿದ ಕೌಶಲ: ಒಂದೊಂದಕ್ಕೂ ಒಂದು ಅಂಕಣ.

ಆರು ವಾರದಲ್ಲಿ 63 ಜಾಹೀರಾತುಗಳಾದವು. ಮೊದಲ ಕೆಲಸ ಅವುಗಳನ್ನು ಜರಡಿ ಹಿಡಿಯುವುದು. ಒಂದೇ ಹುದ್ದೆಯನ್ನು ಮೂರು ಏಜೆನ್ಸಿಗಳು ಮೂರು ಕಡೆ ಹಾಕಿರುತ್ತವೆ. ಊರು, ಸಂಬಳ, ಷರತ್ತು ಒಂದೇ ಆಗಿದ್ದರೆ ಅದು ಒಂದೇ ಹುದ್ದೆ. ಹಾಗೆ ಕಳೆದಾಗ 38 ಉಳಿದವು. ಮನೆ ವೈರಿಂಗ್ ಸಹಾಯಕ 12, ಕಾರ್ಖಾನೆಯ ನಿರ್ವಹಣೆ 11, ಛಾವಣಿಯ ಸೌರ ವಿದ್ಯುತ್ 9, ವಿದ್ಯುತ್ ವಾಹನ 3, ಲಿಫ್ಟ್ ಮತ್ತು ಎ.ಸಿ. 3.

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹನ್ನೆರಡು ದೊಡ್ಡ ಸಂಖ್ಯೆ, ಆದ್ದರಿಂದ ವೈರಿಂಗ್ ಬೆಳೆಯುತ್ತಿದೆ ಎಂದುಕೊಳ್ಳುತ್ತಾರೆ. ನೋಟ್‌ಬುಕ್ಕನ್ನು ಕರೆದವರ ಹೆಸರಿನ ಪ್ರಕಾರ ಜೋಡಿಸಿದಾಗ ಆ ಹನ್ನೆರಡೂ ನಾಲ್ಕೇ ಗುತ್ತಿಗೆದಾರರದ್ದಾಗಿದ್ದವು. ಅದೇ ಕೆಲಸ, ಅದೇ ಸಂಬಳ, ಎರಡು ವಾರಕ್ಕೊಮ್ಮೆ ಮತ್ತೆ ಕರೆ. ಸೇರಿದವರು ನಿಲ್ಲುತ್ತಿಲ್ಲ ಎಂದರ್ಥ. ಒಂದೇ ಕುರ್ಚಿ ಮತ್ತೆ ಮತ್ತೆ ಖಾಲಿಯಾಗುವುದು ಬೇರೆ, ಹೊಸ ಕುರ್ಚಿ ಹಾಕುವುದು ಬೇರೆ. ಹೊಸ ಕುರ್ಚಿಯ ಗುರುತುಗಳನ್ನೂ ಹೇಳುತ್ತೇವೆ: ಕರೆಯುವವರ ಸಂಖ್ಯೆಯೇ ಹೆಚ್ಚಿರುತ್ತದೆ, ಹೊಸ ಊರಿನಲ್ಲಿ ಶಾಖೆ ತೆರೆದಿರುತ್ತಾರೆ, ಸಹಾಯಕನ ಜೊತೆಗೆ ಮೇಲ್ವಿಚಾರಕನನ್ನೂ ಕರೆಯುತ್ತಾರೆ, ಅನುಭವದ ಷರತ್ತು ಸಡಿಲವಾಗಿರುತ್ತದೆ. ಸೌರ ವಿದ್ಯುತ್ತಿನ ಒಂಬತ್ತು ಜಾಹೀರಾತುಗಳು ಆರು ಬೇರೆ ಬೇರೆ ಸಂಸ್ಥೆಗಳವು. ನಾಲ್ಕರಲ್ಲಿ ಅನುಭವವನ್ನೇ ಕೇಳಿರಲಿಲ್ಲ.

ವಿದ್ಯುತ್ ವಾಹನದ ಮೂರರಲ್ಲಿ ಎರಡು, ಶೋರೂಮಿನಲ್ಲಿ ಎರಡು ವರ್ಷ ದುಡಿದವರನ್ನು ಕೇಳಿದ್ದವು. ಮೂರನೆಯದಕ್ಕೆ ಹುಡುಗ ಫೋನ್ ಮಾಡಿದಾಗ ‘ಮೊದಲು ತರಬೇತಿ ಶುಲ್ಕ ಕಟ್ಟಿ’ ಎಂಬ ಉತ್ತರ ಬಂತು. ಅದು ಕೆಲಸದ ವೇಷ ಹಾಕಿದ ಕೋರ್ಸಿನ ಜಾಹೀರಾತು. ಅದನ್ನು ಎಣಿಕೆಯಿಂದಲೇ ತೆಗೆಯಬೇಕು. ಆ ಕ್ಷೇತ್ರ ಬೆಳೆಯುತ್ತಿಲ್ಲ ಎಂದು ನಾವು ಹೇಳುವುದಿಲ್ಲ. ರಸ್ತೆಯಲ್ಲಿ ಗಾಡಿಗಳು ಕಾಣುತ್ತಲೇ ಇವೆ. ಆದರೆ ನಮ್ಮ ಊರಿನಿಂದ ಹೋಗಿಬರುವ ದೂರದಲ್ಲಿ, ಆ ಹುಡುಗನ ಮಟ್ಟದ ಹೊಸಬನಿಗೆ ಬಾಗಿಲು ಆಗ ತೆರೆದಿರಲಿಲ್ಲ.

ಪತ್ರಿಕೆಯ ತಲೆಬರಹಗಳ ಬಗ್ಗೆ ಒಂದು ಮಾತು. ಕಾರ್ಮಿಕರ ಭವಿಷ್ಯ ನಿಧಿ ಸಂಘಟನೆಯು ಪ್ರತಿ ತಿಂಗಳೂ ಹೊಸ ಸದಸ್ಯರ ಲೆಕ್ಕ ಪ್ರಕಟಿಸುತ್ತದೆ. ಒಳ್ಳೆಯ ಮಾಹಿತಿಯೇ, ಆದರೆ ಅದು ತಾತ್ಕಾಲಿಕ ಲೆಕ್ಕ; ಮುಂದೆ ತಿದ್ದುಪಡಿಯಾಗುತ್ತದೆ. ಸಂಸ್ಥೆಯೊಂದರಲ್ಲಿ 20 ಜನರಾದಾಗ ಕಾಯ್ದೆ ಅನ್ವಯವಾಗುವುದರಿಂದ, ಹಳೆಯ ನೌಕರರೂ ಅಂದು ಹೊಸ ಸದಸ್ಯರಾಗಿ ಕಾಣಿಸಬಹುದು. ಅದರಲ್ಲಿ ‘ತಜ್ಞ ಸೇವೆಗಳು’ ಎಂಬ ವರ್ಗವನ್ನು ನೋಡಿ ವಕೀಲರು, ಎಂಜಿನಿಯರುಗಳು ಎಂದು ತಿಳಿಯಬೇಡಿ. ಅದರಲ್ಲಿ ಹೆಚ್ಚಿನವರು ಆಳು ಒದಗಿಸುವ ಗುತ್ತಿಗೆದಾರರ ಮತ್ತು ಸೆಕ್ಯೂರಿಟಿ ಏಜೆನ್ಸಿಗಳ ಕೆಲಸಗಾರರು.

ಇನ್ನು ಬೆಳವಣಿಗೆಯ ಕಾರಣ. ಸೌರ ವಿದ್ಯುತ್ತಿಗೆ ಏಕೆ ಜನ ಬೇಕಾಗಿದ್ದಾರೆ? 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳು ಅದರ ಗುರಿ. 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಅಂದರೆ ಬೇಡಿಕೆಯ ಒಂದು ಭಾಗ ಸಹಾಯಧನದ ಮೇಲೆ ನಿಂತಿದೆ. ಅದು ನಿಂತರೆ ಇದೂ ತಗ್ಗಬಹುದು. ಹಾಗಾಗಿ ಆ ಆರು ಸಂಸ್ಥೆಗಳು ಯಾರಿಗೆ ಕೆಲಸ ಮಾಡುತ್ತವೆ ಎಂದು ವಿಚಾರಿಸಿಕೊಂಡು ಬರಲು ಹೇಳಿದೆವು. ನಾಲ್ಕು ಮನೆಗಳನ್ನೇ ನೆಚ್ಚಿದ್ದವು. ಎರಡು, ಮನೆಗಳಿಗೆ ಸಿಗುವ ಈ ಸಹಾಯಧನವಿಲ್ಲದ ಕಾರ್ಖಾನೆ, ಗೋದಾಮುಗಳ ಛಾವಣಿ ಕೆಲಸವನ್ನೂ ಹಿಡಿದಿದ್ದವು. ಮೊದಲು ಅರ್ಜಿ ಹಾಕಬೇಕಾದದ್ದು ಆ ಎರಡಕ್ಕೆ.

ಕೌಶಲ ಹೊಂದಿಸುವುದು ಕೊನೆಯ ಹೆಜ್ಜೆ. ಒಂಬತ್ತು ಜಾಹೀರಾತುಗಳಲ್ಲಿ ಕೇಳಿದ್ದನ್ನೆಲ್ಲ ಒಂದೆಡೆ ಬರೆಸಿದೆವು, ಎಂಟು ಬಾಬುಗಳಾದವು. ಐಟಿಐ ಪ್ರಮಾಣಪತ್ರ, ವೈರಿಂಗ್, ಅರ್ಥಿಂಗ್, ನಕ್ಷೆ ಓದುವುದು, ಎತ್ತರದಲ್ಲಿ ಕೆಲಸ, ಬೈಕ್ ಲೈಸೆನ್ಸ್: ಈ ಆರು ಅವನಲ್ಲಿದ್ದವು. ಇಲ್ಲದವು ಎರಡು: ಡಿ.ಸಿ. ಕೇಬಲ್ ಜೋಡಣೆ ಮತ್ತು ಇನ್ವರ್ಟರ್ ಹೊಂದಾಣಿಕೆ. ಇವು ಸಣ್ಣವಲ್ಲ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲಿನ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಸಡಿಲ ಜೋಡಣೆಯಲ್ಲಿ ಹುಟ್ಟಿದ ಡಿ.ಸಿ. ಕಿಡಿ ಎ.ಸಿ. ಕಿಡಿಯಂತೆ ತಾನಾಗಿ ಆರುವುದಿಲ್ಲ, ಬೆಂಕಿ ಹಚ್ಚುತ್ತದೆ. ಆದರೂ ಇದು ಒಬ್ಬ ನುರಿತ ಮೇಸ್ತ್ರಿಯ ಕೈಕೆಳಗೆ ಕೆಲವು ವಾರಗಳಲ್ಲಿ ಕಲಿಯುವ ವಿದ್ಯೆ. ಕಾರ್ಖಾನೆ ನಿರ್ವಹಣೆಯ ಪಟ್ಟಿಯನ್ನೂ ಹಾಗೆಯೇ ಮಾಡಿದಾಗ, ಹನ್ನೊಂದರಲ್ಲಿ ಏಳು ಪಿಎಲ್‌ಸಿ ಕೇಳಿದ್ದವು. ಯಂತ್ರಗಳನ್ನು ನಡೆಸುವ ಆ ನಿಯಂತ್ರಕವನ್ನು ಅವನು ಕಣ್ಣಿಂದಲೂ ನೋಡಿರಲಿಲ್ಲ. ಆ ದಾರಿ ಒಳ್ಳೆಯದೇ, ಆದರೆ ಉದ್ದವಾದದ್ದು.

ಆರು ವಾರ ಸಣ್ಣ ಅವಧಿ ಎಂಬುದು ನಮಗೆ ಗೊತ್ತು. ಮಳೆಗಾಲದಲ್ಲಿ ಛಾವಣಿ ಕೆಲಸ ತಗ್ಗುತ್ತದೆ. ದಸರಾ, ದೀಪಾವಳಿಗೆ ಮುಂಚೆ ಗೋದಾಮು ಮತ್ತು ಡೆಲಿವರಿ ಕೆಲಸ ಉಬ್ಬುತ್ತದೆ. ಹೋದ ತಿಂಗಳಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ. ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಬೇಕು. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಕೇಳಿದರೆ ತೆಗೆದುಕೊಡುತ್ತಾರೆ. ಹುಡುಗ ಒಂದು ಮಧ್ಯಾಹ್ನ ಕುಳಿತು ನಾಲ್ಕು ಭಾನುವಾರಗಳನ್ನು ತಿರುವಿದ. ಹಿಂದಿನ ವರ್ಷದ ಆ ನಾಲ್ಕು ಸಂಚಿಕೆಗಳಲ್ಲಿ ಸೌರ ಕೆಲಸದ ಕರೆ ಒಂದೇ ಒಂದಿತ್ತು.

ಕೊನೆಗೆ 45,000 ರೂಪಾಯಿಯ ಕೋರ್ಸನ್ನು ಅವನೇ ಕೈಬಿಟ್ಟ. ವೈರ್‌ಮನ್ ಪರ್ಮಿಟ್ಟಿನ ಖರ್ಚು, ಒಂದು ಕ್ಲಾಂಪ್ ಮೀಟರ್ ಮತ್ತು ಸುರಕ್ಷತಾ ಬೆಲ್ಟಿಗೆ ಸಹಾಯ ಕೇಳಿದ; ಸಮಿತಿ ಮಂಜೂರು ಮಾಡಿತು. ಈಗ ಕಾರ್ಖಾನೆ ಛಾವಣಿಗಳ ತಂಡವೊಂದರಲ್ಲಿದ್ದಾನೆ. ತಂಡ ಊರೂರು ತಿರುಗುವುದರಿಂದ ಮನೆಯಲ್ಲಿ ತಾಯಿ ಒಬ್ಬರೇ ಇರುತ್ತಾರೆಂಬ ಚಿಂತೆ ಅವನಿಗಿದೆ. ಜಾಹೀರಾತಿನಲ್ಲಿ ‘ಪ್ರಯಾಣಕ್ಕೆ ಸಿದ್ಧರಿರಬೇಕು’ ಎಂಬ ಸಾಲಿತ್ತು. ಅದನ್ನು ಅವನೂ ನಾವೂ ಹಗುರವಾಗಿ ಓದಿದೆವು. ಈ ಸಲ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಅಂಕಣ ಹಾಕಿಕೊಳ್ಳಿ.

ಈ ಸಾಲಿನಿಂದ ವೃತ್ತಿ ಕೋರ್ಸುಗಳಿಗೆ ಅರ್ಜಿ ಹಾಕುವವರು ಕನಿಷ್ಠ ನಾಲ್ಕು ವಾರದ ಇಂತಹ ಪಟ್ಟಿಯನ್ನು, ಕೈಬರಹದಲ್ಲಿಯೇ, ಅರ್ಜಿಯ ಜೊತೆ ಲಗತ್ತಿಸಬೇಕು. ಪಟ್ಟಿ ಮಾಡಲು ತೊಂದರೆಯಾದವರು ಭಾನುವಾರ ಝುಹ್ರ್ ನಮಾಜಿನ ನಂತರ ಟ್ರಸ್ಟ್ ಕಚೇರಿಗೆ ಬಂದರೆ, ಇನ್‌ಶಾ ಅಲ್ಲಾಹ್, ಜೊತೆಗೆ ಕುಳಿತು ಮಾಡಿಸುತ್ತೇವೆ. ಆ ವಾರದ ಪತ್ರಿಕೆಯನ್ನು ಮಾತ್ರ ಮರೆಯದೆ ತನ್ನಿ.